ಮಾತ್ರೆಯ ಬಣ್ಣ ಕೆಟ್ಟಿದೆ, ಬಿಸಾಡಬೇಕಾ? ಫೋಟೋ ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ

ಮಳೆಗಾಲ ಹಿಡಿಯಿತೆಂದರೆ ಕರಾವಳಿ, ಮಲೆನಾಡಿನ ಮೆಡಿಕಲ್ ಶಾಪ್‌ನವರ ವಾಟ್ಸಾಪ್‌ಗೆ ಒಂದೇ ಬಗೆಯ ಫೋಟೋಗಳು ಬರತೊಡಗುತ್ತವೆ. ಅಂಗೈ ಮೇಲೊಂದು ಮಾತ್ರೆ, ಮೇಲಿಂದ ಅಡುಗೆಮನೆಯ ಹಳದಿ ಬಲ್ಬಿನ ಬೆಳಕು, ಕೆಳಗೊಂದು ಸಾಲು: "ಅಣ್ಣಾ, ಇದರ ಬಣ್ಣ ಹೋಗಿದೆ. ತಗೊಳ್ಳಬಹುದಾ, ಬಿಸಾಡ್ಬೇಕಾ?" ಡೇಟ್ ಇನ್ನೂ ಮುಗಿದಿರುವುದಿಲ್ಲ. ದುಡ್ಡು ಕೊಟ್ಟು ತಂದ ಔಷಧ, ಎಸೆಯಲು ಮನಸ್ಸು ಬಾರದು. ನುಂಗಲು ಧೈರ್ಯವೂ ಸಾಲದು.

ಈ ಪ್ರಶ್ನೆಗೆ ಫೋಟೋ ನೋಡಿ ಉತ್ತರ ಹೇಳಲು ಆಗುತ್ತದೆಯೇ ಎಂದರೆ, ಅರ್ಧ ಆಗುತ್ತದೆ. ಮಾತ್ರೆ ಕೆಟ್ಟಿದೆ ಎಂದು ಫೋಟೋ ಹೇಳಬಲ್ಲದು. ಚೆನ್ನಾಗಿದೆ ಎಂದು ಮಾತ್ರ ಎಂದೂ ಹೇಳಲಾರದು. ಫೋಟೋ ಕಳಿಸುವವರೂ ಅದನ್ನು ನೋಡಿ ಉತ್ತರಿಸುವವರೂ ಎಡವುವುದು ಈ ಎರಡನೆಯ ಭಾಗದಲ್ಲೇ. ಯಾಕೆ ಹೀಗೆ ಎಂಬುದು ಗೊತ್ತಾಗಬೇಕಾದರೆ ಒಂದು ಮಾತ್ರೆಯನ್ನು ಹತ್ತಿರದಿಂದ ನೋಡಬೇಕು. ಇಂಥ ಫೋಟೋಗಳಿಗೆ ತುಂಬ ಒಪ್ಪುವ ಉದಾಹರಣೆ, ಗಂಟಲು, ಕಿವಿ, ಹಲ್ಲಿನ ಸೋಂಕಿಗೆ ವೈದ್ಯರು ಬರೆಯುವ ಅಮಾಕ್ಸಿಸಿಲಿನ್–ಕ್ಲಾವುಲನೇಟ್ 625.

ಆ 625ರಲ್ಲಿ 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲನಿಕ್ ಆಮ್ಲ ಇರುತ್ತವೆ. ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಮೊದಲನೆಯದು. ಎರಡನೆಯದು ಅದರ ಕಾವಲುಗಾರ: ಕೆಲವು ಬ್ಯಾಕ್ಟೀರಿಯಾಗಳು ಅಮಾಕ್ಸಿಸಿಲಿನ್ನನ್ನು ಕತ್ತರಿಸಿ ಹಾಕುವ ಕಿಣ್ವವನ್ನು ಬಿಡುತ್ತವೆ, ಕ್ಲಾವುಲನಿಕ್ ಆಮ್ಲ ಆ ಕಿಣ್ವದ ಬಾಯಿ ಕಟ್ಟುತ್ತದೆ. ಈ ಕಾವಲುಗಾರನಿಗೆ ತೇವ ಕಂಡರೆ ಆಗದು. ಗಾಳಿಯಲ್ಲಿರುವ ನೀರಿನ ಅಂಶವನ್ನು ಅದು ಎಳೆದುಕೊಳ್ಳುತ್ತದೆ, ಎಳೆದುಕೊಂಡ ನೀರಿನಲ್ಲೇ ಒಡೆದು ಹೋಗುತ್ತದೆ, ಹಾಗೆ ಒಡೆದಾಗ ಹುಟ್ಟುವ ವಸ್ತುಗಳು ಹಳದಿ, ಕಂದು ಬಣ್ಣದವು. ಅದಕ್ಕೇ ಈ ಮಾತ್ರೆಯನ್ನು ತಯಾರಿಸುವ ಕೋಣೆಯಲ್ಲಿ ಗಾಳಿಯ ತೇವವನ್ನು ತೀರಾ ಕೆಳಮಟ್ಟಕ್ಕೆ ಇಳಿಸಿರುತ್ತಾರೆ. ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆ ಹಾಕಿ ಮುಚ್ಚುತ್ತಾರೆ. ಕೆಲವು ಕಂಪನಿಗಳು ಸ್ಟ್ರಿಪ್ಪನ್ನು ತೇವ ಹೀರುವ ಪುಟ್ಟ ಚೀಲದ ಜೊತೆ ಇನ್ನೊಂದು ಪೊಟ್ಟಣದಲ್ಲಿಟ್ಟು, ಪೊಟ್ಟಣ ಒಡೆದ ಮೇಲೆ 30 ದಿನದೊಳಗೆ ಬಳಸಿ ಎಂದು ಬರೆಯುವುದೂ ಉಂಟು.

ಈಗ ಒಂದು ಮನೆಯಲ್ಲಿ ಆಗುವುದನ್ನು ನೋಡೋಣ. ವೈದ್ಯರು ದಿನಕ್ಕೆರಡರಂತೆ ಐದು ದಿನಕ್ಕೆ ಹತ್ತು ಮಾತ್ರೆ ಬರೆದರು. ಮೂರನೇ ದಿನಕ್ಕೆ ಜ್ವರ ಇಳಿಯಿತು, ನಾಲ್ಕು ಮಾತ್ರೆ ಉಳಿದವು. ಖಾಲಿ ಭಾಗವನ್ನು ಹಿಂದಕ್ಕೆ ಮಡಚಿ, ಸ್ಟ್ರಿಪ್ಪನ್ನು ಒಲೆಯ ಪಕ್ಕದ ಕಪಾಟಿನ ಡಬ್ಬಿಗೆ ಹಾಕಿದರು. ಎರಡು ತಿಂಗಳ ಮೇಲೆ ಮತ್ತೆ ಗಂಟಲು ನೋವು. ಡಬ್ಬಿ ತೆಗೆದು ನೋಡಿದರೆ ಒಂದು ಮಾತ್ರೆ ಬೆಣ್ಣೆಯ ಬಣ್ಣಕ್ಕೆ ತಿರುಗಿದೆ, ಅಂಚಿನುದ್ದಕ್ಕೂ ಕಾಳುಮೆಣಸಿನ ಪುಡಿ ಉದುರಿಸಿದಂಥ ಕಂದು ಚುಕ್ಕೆಗಳು. ಪಕ್ಕದ ಗುಳಿಯದ್ದು ಅಚ್ಚ ಬಿಳಿ.

ಚುಕ್ಕೆ ಅಂಚಿನಲ್ಲೇ ಮೊದಲು ಏಳುವುದು ಆಕಸ್ಮಿಕವಲ್ಲ. ಮಾತ್ರೆಯ ಮೇಲಿನ ಬಿಳಿ ಲೇಪ ಎಲ್ಲ ಕಡೆಯೂ ಒಂದೇ ದಪ್ಪ ಇರುವುದಿಲ್ಲ. ಅಂಚು ತಿರುಗುವಲ್ಲಿ, ಅಕ್ಷರ ಕೊರೆದಲ್ಲಿ, ಮುರಿಯಲೆಂದು ಗೆರೆ ಹಾಕಿದಲ್ಲಿ ಅದು ತೆಳುವಾಗಿರುತ್ತದೆ. ತೇವ ಒಳಗೆ ನುಗ್ಗುವುದು ಅಲ್ಲಿಂದ. ಒಂದೇ ಮಾತ್ರೆ ಕೆಟ್ಟು ಪಕ್ಕದ್ದು ಬಿಳಿಯಾಗಿ ಉಳಿಯುವುದಕ್ಕೂ ಕಾರಣ ಇದೆ. ಸ್ಟ್ರಿಪ್ಪಿನಲ್ಲಿ ಪ್ರತಿ ಗುಳಿಯನ್ನೂ ಬೇರೆಬೇರೆಯಾಗಿ ಮುಚ್ಚಿರುತ್ತಾರೆ; ಮಡಿಕೆ ಯಾವ ಗುಳಿಯ ಮೇಲೆ ಹಾದುಹೋಯಿತೋ ಅಲ್ಲಿ ಹಾಳೆ ಕಣ್ಣಿಗೆ ಕಾಣದಷ್ಟು ಬಿರುಕು ಬಿಟ್ಟಿರುತ್ತದೆ. ಅನುಮಾನವಿದ್ದರೆ ಮಾತ್ರೆ ತೆಗೆದ ಖಾಲಿ ಗುಳಿಯನ್ನು ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮುಂದೆ ಹಿಡಿದು ನೋಡಿ. ಹರಿಯದೆ ಉಳಿದ ಬದಿಯ ಹಾಳೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೆ ತೇವದ ದಾರಿ ಸಿಕ್ಕಿದಂತೆ. ಅಂಗಡಿಯಲ್ಲಿ ಸ್ಟ್ರಿಪ್ಪನ್ನು ಕತ್ತರಿಸುವಾಗ ಕತ್ತರಿ ಗುಳಿಯ ಅಂಚಿಗೆ ತಾಗಿದರೂ ಹೀಗೇ ಆಗುತ್ತದೆ.

ಆ ಬೆಣ್ಣೆ ಬಣ್ಣದ ಮಾತ್ರೆಯ ಬಗ್ಗೆ ಫೋಟೋ ನೋಡಿದವರು ಹಿಂದೆಮುಂದೆ ನೋಡದೆ ಬೇಡ ಎನ್ನಬಹುದು. ಅದರಲ್ಲಿ ಅಮಾಕ್ಸಿಸಿಲಿನ್ ಸಾಕಷ್ಟು ಉಳಿದಿರಲೂಬಹುದು, ಆದರೆ ಕಾವಲುಗಾರ ಎಷ್ಟು ಉಳಿದಿದ್ದಾನೆ ಎಂದು ಚುಕ್ಕೆ ಎಣಿಸಿ ಹೇಳಲಾಗದು. ಕಾವಲುಗಾರ ಹೋಗಿದ್ದರೆ ರೋಗಿ ನುಂಗುತ್ತಿರುವುದು ಬರೀ ಅಮಾಕ್ಸಿಸಿಲಿನ್. ವೈದ್ಯರು ಯಾವ ಸೋಂಕಿಗೆಂದು ಜೋಡಿ ಔಷಧ ಬರೆದರೋ ಅದಕ್ಕೆ ಅದು ನಾಟದೇ ಹೋಗಬಹುದು. ಪಕ್ಕದ ಬಿಳಿ ಮಾತ್ರೆಗಳನ್ನಾದರೂ ಉಳಿಸಿಕೊಳ್ಳೋಣವೇ? ಬೇಡ. ಮಡಚಿದ ಅದೇ ಸ್ಟ್ರಿಪ್ಪಿನಲ್ಲಿ, ಅದೇ ಡಬ್ಬಿಯಲ್ಲಿ ಅವೂ ಅದೇ ಎರಡು ತಿಂಗಳು ಕಳೆದಿವೆ. ಚುಕ್ಕೆ ಏಳುವ ಮೊದಲೇ ಔಷಧ ಇಳಿಯಲು ಶುರುವಾಗಿರುತ್ತದೆ. ಅಲ್ಲದೆ ಉಳಿದ ನಾಲ್ಕು ಆಂಟಿಬಯಾಟಿಕ್ ಮಾತ್ರೆ ಎಷ್ಟೇ ಬಿಳಿಯಾಗಿದ್ದರೂ ಹೊಸ ಗಂಟಲು ನೋವಿಗೆ ಪೂರ್ತಿ ಔಷಧವಲ್ಲ, ಆ ನೋವಿಗೆ ಆಂಟಿಬಯಾಟಿಕ್ ಬೇಕೋ ಬೇಡವೋ ಎಂಬುದೇ ಗೊತ್ತಿಲ್ಲ.

ಫೋಟೋ ಇಷ್ಟಾದರೂ ಹೇಳಬೇಕಾದರೆ ಅದನ್ನು ತೆಗೆಯುವ ಕ್ರಮ ಸರಿ ಇರಬೇಕು. ಬಣ್ಣದ ವಿಷಯದಲ್ಲಿ ಮೊಬೈಲ್ ಕ್ಯಾಮೆರಾವನ್ನು ನಂಬುವಂತಿಲ್ಲ. ಹಳದಿ ಬಲ್ಬಿನ ಕೆಳಗೆ ಬಿಳಿ ಮಾತ್ರೆ ಹಳದಿಯಾಗಿ ಕಾಣುತ್ತದೆ. ಕ್ಯಾಮೆರಾ ತಾನೇ ಬಣ್ಣ ಸರಿಪಡಿಸಲು ಹೋಗಿ ನಿಜವಾಗಿ ಹಳದಿಯಾದದ್ದನ್ನು ಬಿಳಿಯಾಗಿ ತೋರಿಸುವುದೂ ಉಂಟು. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುವಾಗ ಸಣ್ಣ ಚುಕ್ಕೆಗಳು ಅಳಿಸಿ ಹೋಗುತ್ತವೆ. ಇದಕ್ಕೆಲ್ಲ ಸುಲಭ ಪರಿಹಾರ ಒಂದು ಬಿಳಿ ಹಾಳೆ. ಹಗಲಲ್ಲಿ, ಬಿಸಿಲು ನೇರ ಬೀಳದ ಕಿಟಕಿಯ ಬಳಿ, ಫ್ಲ್ಯಾಶ್ ಇಲ್ಲದೆ, ಜೆರಾಕ್ಸ್ ಹಾಳೆಯ ಮೇಲೆ ಮಾತ್ರೆ ಇಟ್ಟು ತೆಗೆಯಿರಿ. ಫೋಟೋದಲ್ಲಿ ಹಾಳೆಯೇ ಹಳದಿಯಾಗಿ ಕಂಡರೆ ಆ ಫೋಟೋದಿಂದ ಬಣ್ಣದ ಮಾತು ಬೇಡ, ಮತ್ತೆ ತೆಗೆಯಿರಿ. ಕೈ ಒಣಗಿರಲಿ, ಅಂಗೈ ಮೇಲೆ ಇಡಬೇಡಿ. ಬೆವರಿನ ತೇವ ಮಾತ್ರೆಯ ಲೇಪವನ್ನು ಅಲ್ಲೇ ಮೆತ್ತಗಾಗಿಸುತ್ತದೆ. ಮೊಬೈಲನ್ನು ತೀರಾ ಹತ್ತಿರ ಒಯ್ದರೆ ಮಸುಕಾಗುತ್ತದೆ. ಒಂದು ಗೇಣು ದೂರದಲ್ಲಿ ಹಿಡಿದು, ಪರದೆಯ ಮೇಲೆ ಮಾತ್ರೆಯನ್ನೇ ಮುಟ್ಟಿ ಫೋಕಸ್ ಮಾಡಿ. ಕಳಿಸುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಅದು ಕುಗ್ಗುವುದಿಲ್ಲ.

ಒಂಟಿ ಮಾತ್ರೆಯ ಫೋಟೋದಿಂದ ಹೇಳಲಾಗುವುದು ಬಹಳ ಕಡಿಮೆ. ಅದೇ ಸ್ಟ್ರಿಪ್ಪಿನ ಇನ್ನೊಂದು ಮಾತ್ರೆಯನ್ನು ಪಕ್ಕದಲ್ಲಿಟ್ಟು ತೆಗೆದರೆ ಎರಡರ ನಡುವಿನ ವ್ಯತ್ಯಾಸವೇ ಮಾತಾಡುತ್ತದೆ, ಬೆಳಕು ಕೆಟ್ಟದ್ದಿದ್ದರೂ ಎರಡಕ್ಕೂ ಒಂದೇ ಬೆಳಕು ತಾನೇ. ಹೊಸ ಸ್ಟ್ರಿಪ್ಪಿನ ಮಾತ್ರೆ ಹಳೆಯದಕ್ಕಿಂತ ಬೇರೆ ಬಣ್ಣ ಎಂದು ಗಾಬರಿಯಾಗುವವರಿಗೂ ಇದೇ ಮಾತು: ಕಂಪನಿ ಬದಲಾದರೆ ಬಣ್ಣ, ಆಕಾರ ಬದಲಾಗುತ್ತದೆ, ಅದು ಕೆಡುಕಿನ ಗುರುತಲ್ಲ. ಹೋಲಿಕೆ ಅದೇ ಕಂಪನಿಯ, ಅದೇ ಬ್ಯಾಚಿನ ಮಾತ್ರೆಯ ಜೊತೆಗಿರಬೇಕು. ಇನ್ನೊಂದು ಫೋಟೋ ಸ್ಟ್ರಿಪ್ಪಿನ ಹಿಂಬದಿಯದ್ದು, ಔಷಧದ ಹೆಸರು, ಬ್ಯಾಚ್ ನಂಬರ್, ತಯಾರಾದ ಮತ್ತು ಮುಗಿಯುವ ತಿಂಗಳು ಓದುವಂತಿರಬೇಕು. ಉತ್ತರ ನಿಂತಿರುವುದು ಬಹುಪಾಲು ಈ ಫೋಟೋದ ಮೇಲೆ. ಯಾಕೆಂದರೆ ಒಂದೇ ಬಗೆಯ ಕಲೆ ಒಂದು ಔಷಧದಲ್ಲಿ ಮೇಲುಮೇಲಿನದ್ದು, ಇನ್ನೊಂದರಲ್ಲಿ ಔಷಧವೇ ಹೋದ ಗುರುತು. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್, ರಬೆಪ್ರಜೋಲ್ ಜಾತಿಯ ಮಾತ್ರೆಯ ಒಳಭಾಗ ನೇರಳೆಗೋ ಕಂದಿಗೋ ತಿರುಗಿದ್ದರೆ ಔಷಧವೇ ಒಡೆದಿದೆ ಎಂದರ್ಥ. ಬಣ್ಣದ ಲೇಪವಿರುವ ಮಾತ್ರೆಗಳು ಒಂದಕ್ಕೊಂದು ಉಜ್ಜಿ ಅಲ್ಲಲ್ಲಿ ಬಿಳಿ ಗೀರು ಬಿದ್ದಿದ್ದರೆ ಒಳಗಿನ ಔಷಧಕ್ಕೆ ಏನೂ ಆಗಿರಲಿಕ್ಕಿಲ್ಲ.

ಪುಡಿಯಾಗುವ ಮಾತ್ರೆಯ ಲೆಕ್ಕ ಸ್ವಲ್ಪ ಬೇರೆ. ಸ್ಟ್ರಿಪ್ಪಿನಿಂದ ಒತ್ತಿ ತೆಗೆಯುವಾಗ ಅಂಚು ಮುರಿದದ್ದಾದರೆ ಮುರಿದ ಜಾಗ ಚೂಪಾಗಿರುತ್ತದೆ, ತುಂಡನ್ನು ಸೇರಿಸಿದರೆ ಕೂಡಿಕೊಳ್ಳುತ್ತದೆ, ಉಳಿದ ಭಾಗ ಗಟ್ಟಿಯಾಗಿರುತ್ತದೆ. ಬಾಯಲ್ಲೇ ಕರಗುವ ಮಾತ್ರೆಗಳು ಹುಟ್ಟಾ ಮೆದು. ಅವನ್ನು ಒತ್ತಬಾರದು, ಹಾಳೆಯನ್ನು ಸುಲಿದು ತೆಗೆಯಬೇಕು. ತೇವದಿಂದ ಪುಡಿಯಾದದ್ದು ಹಾಗಲ್ಲ. ಹೊಟ್ಟೆಯಲ್ಲಿ ನೀರು ತಾಗಿದೊಡನೆ ಉಬ್ಬಿ ಬಿಚ್ಚಿಕೊಳ್ಳಲಿ ಎಂದು ಮಾತ್ರೆಯೊಳಗೆ ಪಿಷ್ಟದಂಥ ವಸ್ತುಗಳನ್ನು ಬೆರೆಸಿರುತ್ತಾರೆ. ಮಳೆಗಾಲದ ಗಾಳಿ ತಾಗಿದರೆ ಅವು ಆ ಕೆಲಸವನ್ನು ಡಬ್ಬಿಯಲ್ಲೇ ಶುರುಮಾಡುತ್ತವೆ. ಮಾತ್ರೆ ಉಬ್ಬುತ್ತದೆ, ಮೈ ಮೇಲೆ ಕೂದಲೆಳೆಯ ಬಿರುಕು ಮೂಡುತ್ತದೆ, ಉಗುರು ತಾಗಿದರೆ ಒದ್ದೆ ಸೀಮೆಸುಣ್ಣದಂತೆ ಕುಸಿಯುತ್ತದೆ. ಇದನ್ನು ಫೋಟೋದಲ್ಲಿ ಗುರುತಿಸಲು ಮಾತ್ರೆಯನ್ನು ಮಲಗಿಸಿ ತೆಗೆದರೆ ಸಾಲದು, ಸರಿಯಾದ ಇನ್ನೊಂದರ ಪಕ್ಕ ಅಂಚಿನ ಮೇಲೆ ನಿಲ್ಲಿಸಿ ತೆಗೆಯಬೇಕು. ದಪ್ಪದ ವ್ಯತ್ಯಾಸ ಆಗ ಕಾಣುತ್ತದೆ. ಹೀಗೆ ಉಬ್ಬಿದ್ದನ್ನು ತೆಗೆದುಕೊಳ್ಳಬಾರದು. ಕ್ಯಾನ್ಸರಿನ, ಹಾರ್ಮೋನಿನ, ಮೆಥೊಟ್ರೆಕ್ಸೇಟಿನಂಥ ಮಾತ್ರೆಗಳು ಪುಡಿಯಾಗಿದ್ದರೆ ಫೋಟೋಗೆಂದು ಬರಿಗೈಯಲ್ಲಿ ಮುಟ್ಟುವುದೂ ಬೇಡ, ಸ್ಟ್ರಿಪ್ಪಿನ ಸಮೇತ ಕವರಿಗೆ ಹಾಕಿ ಅಂಗಡಿಗೆ ಒಯ್ಯಿರಿ.

ಅಂಟಂಟಾಗುವುದನ್ನು ಫೋಟೋ ಇನ್ನೂ ಕಡಿಮೆ ಹಿಡಿಯುತ್ತದೆ. ಇದಕ್ಕೆ ಮೂರ್ಛೆರೋಗಕ್ಕೆ ಕೊಡುವ ಎರಡು ಮಾತ್ರೆಗಳನ್ನು ಎದುರುಬದುರು ಇಟ್ಟು ನೋಡುವುದು ಒಳ್ಳೆಯದು. ಸೋಡಿಯಂ ವಾಲ್‌ಪ್ರೊಯೇಟ್ ಗಾಳಿಯ ತೇವವನ್ನು ಉಪ್ಪಿನಂತೆ ಹೀರುತ್ತದೆ. ಸ್ಟ್ರಿಪ್ಪಿನಿಂದ ಬಿಡಿಸಿ ಸೋಮವಾರ, ಮಂಗಳವಾರ ಎಂದು ಬರೆದ ವಾರದ ಡಬ್ಬಿಗೆ ತುಂಬಿಟ್ಟರೆ ಮೈ ಜಿಗುಟಾಗಿ ಡಬ್ಬಿಯ ತಳಕ್ಕೇ ಅಂಟಿಕೊಳ್ಳುತ್ತದೆ. ವಾರದ ಡಬ್ಬಿ ಉಳಿದ ಹಲವು ಔಷಧಗಳಿಗೆ ಅನುಕೂಲವೇ, ಇದಕ್ಕೆ ಮಾತ್ರ ಒಗ್ಗದು. ನುಂಗುವ ಹೊತ್ತಿನಲ್ಲೇ ಹಾಳೆ ಒಡೆಯಬೇಕು. ಇದರ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯ ಲೇಪವೋ ಒಳರಚನೆಯೋ ತೇವದಿಂದ ಹದ ತಪ್ಪಿದರೆ ದಿನವಿಡೀ ಸ್ವಲ್ಪಸ್ವಲ್ಪವೇ ಇಳಿಯಬೇಕಾದ ಔಷಧದ ಲೆಕ್ಕ ತಪ್ಪುತ್ತದೆ. ಫೋಟೋದಲ್ಲಿ ಆ ಜಿಗುಟು ಬರೀ ಒಂದು ಹೊಳಪಾಗಿ ಕಾಣುತ್ತದೆ, ಹೊಸ ಮಾತ್ರೆಯ ಲೇಪವೂ ಹಾಗೇ ಹೊಳೆಯುತ್ತದೆ. ಹಾಗಾಗಿ ಬಣ್ಣ ಕೇಳುವ ಮೊದಲು "ಕಾಗದದ ಮೇಲೆ ಇಟ್ಟು ಹಾಳೆಯನ್ನು ಬಗ್ಗಿಸಿ, ಮಾತ್ರೆ ಜಾರುತ್ತದಾ?" ಎಂದು ಕೇಳಬೇಕು. ಒಣ ಮಾತ್ರೆ ಉರುಳುತ್ತದೆ, ಜಿಗುಟಾದದ್ದು ನಿಲ್ಲುತ್ತದೆ.

ಕಾರ್ಬಮಜೆಪಿನ್ ಇದಕ್ಕೆ ಪೂರ್ತಿ ವಿರುದ್ಧ. ತೇವ ತಾಗಿದರೆ ಅದು ಮೆತ್ತಗಾಗುವುದಿಲ್ಲ, ಗಟ್ಟಿಯಾಗುತ್ತದೆ. ಔಷಧದ ಹರಳುಗಳು ನೀರಿನ ಕಣಗಳನ್ನು ಸೇರಿಸಿಕೊಂಡು ಬೇರೆ ರೂಪಕ್ಕೆ ತಿರುಗುತ್ತವೆ, ಮಾತ್ರೆ ಹೊಟ್ಟೆಯಲ್ಲಿ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ತೇವವಿರುವಲ್ಲಿ ಇಟ್ಟ ಕಾರ್ಬಮಜೆಪಿನ್ ಮಾತ್ರೆ ತನ್ನ ಪರಿಣಾಮದಲ್ಲಿ ಮೂರನೇ ಒಂದು ಭಾಗದವರೆಗೂ ಕಳೆದುಕೊಳ್ಳಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹಿಂದೆಯೇ ಎಚ್ಚರಿಸಿತ್ತು. ಈ ಮಾತ್ರೆಯ ಫೋಟೋ ತೆಗೆದರೆ ಹೇಗಿರುತ್ತದೆ? ಬಿಳಿ ಬಿಳಿಯಾಗಿ, ಅಂಚು ಮುಕ್ಕಾಗದೆ, ಚುಕ್ಕೆ ಇಲ್ಲದೆ, ಅಚ್ಚುಕಟ್ಟಾಗಿ ಇರುತ್ತದೆ. ಜಿಗುಟಾದ ವಾಲ್‌ಪ್ರೊಯೇಟ್ ಕನಿಷ್ಠ ಬೆರಳಿಗಾದರೂ ಅಂಟಿ ಎಚ್ಚರಿಸುತ್ತದೆ, ಕಾರ್ಬಮಜೆಪಿನ್ ಯಾವ ಸುಳಿವೂ ಕೊಡದೆ ಕೆಡುತ್ತದೆ. ಫೋಟೋ ನೋಡಿ "ಚೆನ್ನಾಗಿದೆ, ತಗೊಳ್ಳಿ" ಎಂದವರು ಅರಿಯದೆ ರೋಗಿಗೆ ಕಡಿಮೆ ಡೋಸ್ ಕೊಟ್ಟಂತಾಗುತ್ತದೆ.

ಥೈರಾಕ್ಸಿನ್ ಕೂಡ ಹೀಗೆಯೇ. ನೂರು ಮಾತ್ರೆಯ ಬಾಟಲಿಯ ಮುಚ್ಚಳವನ್ನು ದಿನವೂ ತೆಗೆದು, ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಔಷಧ ಇಳಿಯುತ್ತದೆ, ಮಾತ್ರೆಯ ರೂಪ ಬದಲಾಗದು. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆಯಿಂದ ಔಷಧವೇ ಆವಿಯಾಗಿ ಹೋಗುತ್ತದೆ, ಅದಕ್ಕೇ ಅದನ್ನು ಅದರದ್ದೇ ಗಾಜಿನ ಬಾಟಲಿಯಿಂದ ತೆಗೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಬಾರದು. ಆಸ್ಪಿರಿನ್ ಕೆಟ್ಟಾಗ ವಿನೆಗರಿನ ಹುಳಿ ವಾಸನೆ ಬರುತ್ತದೆ. ನೀರು ತಾಗಿ ಅದು ಅಸಿಟಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲ ಎಂದು ಎರಡಾಗಿ ಒಡೆಯುತ್ತದೆ. ವಾಸನೆ ಫೋಟೋದಲ್ಲಿ ಬಾರದು. ತುಂಬ ಕೆಟ್ಟ ಆಸ್ಪಿರಿನ್ ಮೇಲೆ ಸ್ಯಾಲಿಸಿಲಿಕ್ ಆಮ್ಲದ ಸೂಜಿಯಂಥ ಹರಳುಗಳು ಹತ್ತಿಯ ನವಿರಿನಂತೆ ಎದ್ದಿರುತ್ತವೆ, ಅಷ್ಟನ್ನು ಮಾತ್ರ ಒಳ್ಳೆಯ ಫೋಟೋ ಹಿಡಿದೀತು. ವಾಸನೆಯ ವಿಷಯದಲ್ಲೂ ಔಷಧದ ಹೆಸರು ಗೊತ್ತಿರಬೇಕು: ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹೊಸದಿದ್ದಾಗಲೂ ಮೀನಿನಂಥ ವಾಸನೆ ಬೀರುವುದುಂಟು.

ಹಾಗಾದರೆ ಫೋಟೋ ಬಂದಾಗ ಹೇಳಬೇಕಾದದ್ದು ಏನು? ಚುಕ್ಕೆ, ಜಿಗುಟು, ಉಬ್ಬು, ಹರಳು ಇವುಗಳಲ್ಲಿ ಒಂದು ಖಚಿತವಾಗಿ ಕಂಡರೆ ಆ ಮಾತ್ರೆ ಬೇಡ. ಕಾಣದಿದ್ದರೆ ಉತ್ತರವನ್ನು ಫೋಟೋದಿಂದ ಹೊರಗೆ ಹುಡುಕಬೇಕು. ಮಾತ್ರೆ ಹಾಳೆಯೊಳಗೇ ಇತ್ತೋ ಬಿಡಿಸಿಟ್ಟದ್ದೋ, ಎಷ್ಟು ದಿನದಿಂದ, ಎಲ್ಲಿ? ಸ್ಟ್ರಿಪ್ಪಿನ ಮೇಲಿನ ಎಕ್ಸ್‌ಪೈರಿ ತಿಂಗಳು ಮುಚ್ಚಿದ ಸ್ಟ್ರಿಪ್ಪಿಗೆ, ಅದರ ಮೇಲೆ ಬರೆದ ಉಷ್ಣತೆಯೊಳಗೆ ಇಟ್ಟಾಗ ಅನ್ವಯಿಸುವ ಮಾತು. ಬಿಡಿಸಿ ಡಬ್ಬಿಗೆ ಹಾಕಿದ ಕ್ಷಣ ಆ ದಿನಾಂಕದ ಭರವಸೆ ಮುಗಿಯಿತು. ಔಷಧವನ್ನು ಕಂಪನಿಗಳು 40 ಡಿಗ್ರಿ ಬಿಸಿ, 75 ಶೇಕಡಾ ತೇವದಲ್ಲಿ ಆರು ತಿಂಗಳು ಇಟ್ಟು ಪರೀಕ್ಷಿಸುವುದು ನಿಜ, ಆದರೆ ಆ ಪರೀಕ್ಷೆ ನಡೆಯುವುದು ಪ್ಯಾಕಿಂಗ್ ಸಮೇತ. ಮಂಗಳೂರಿನ ಆಷಾಢದಲ್ಲಿ ಬರಿಮೈಯಲ್ಲಿ ಕೂತ ಮಾತ್ರೆಗೆ ಆ ಲೆಕ್ಕ ಸಲ್ಲದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಮಾತ್ರೆ ಬಿಸಾಡಿ ಎಂದರೆ ಔಷಧ ನಿಲ್ಲಿಸಿ ಎಂದಲ್ಲ. ಮೂರ್ಛೆರೋಗ, ಹೃದಯ, ಬಿಪಿ, ಥೈರಾಯ್ಡ್, ಟಿಬಿ ಔಷಧದ ಫೋಟೋಗೆ ಬರೀ "ಬೇಡ" ಎಂದು ಉತ್ತರಿಸಿ ಸುಮ್ಮನಾದರೆ ಕೇಳಿದವರು ಆ ರಾತ್ರಿಯ ಡೋಸನ್ನೇ ಬಿಡುತ್ತಾರೆ. ಮೂರ್ಛೆರೋಗದವರಿಗೆ ಕೆಟ್ಟ ಮಾತ್ರೆಗಿಂತ ತಪ್ಪಿದ ಡೋಸ್ ಹೆಚ್ಚು ಅಪಾಯ ತರಬಹುದು. ಆದ್ದರಿಂದ ಉತ್ತರ ಹೀಗಿರಬೇಕು: ಅದೇ ಸ್ಟ್ರಿಪ್ಪಿನಲ್ಲಿ ಇನ್ನೂ ಒಡೆಯದ, ಮಡಿಕೆ ಬೀಳದ ಗುಳಿ ಇದ್ದರೆ ಇವತ್ತಿನ ಡೋಸ್ ಅದರಿಂದ; ಇಲ್ಲದಿದ್ದರೆ ಹಳೆಯ ಚೀಟಿ ಹಿಡಿದು ಇವತ್ತೇ ಹೊಸದು ತನ್ನಿ; ಅದೂ ಆಗದಿದ್ದರೆ ಡೋಸ್ ಬಿಡುವ ಮೊದಲು ವೈದ್ಯರಿಗೆ ಫೋನ್ ಮಾಡಿ. ಕೆಟ್ಟ ಮಾತ್ರೆಯನ್ನು ಕೆಲವು ದಿನ ತೆಗೆದುಕೊಂಡದ್ದಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಇಲ್ಲದಿದ್ದರೆ ಫಿಟ್ಸ್ ಯಾಕೆ ಮರುಕಳಿಸಿತು ಎಂದು ತಿಳಿಯದೆ ಡೋಸ್ ಹೆಚ್ಚಿಸುತ್ತಾರೆ.

ಇನ್ನೊಂದು ಸಂದರ್ಭದಲ್ಲಿ ಬಿಸಾಡುವುದೇ ತಪ್ಪು. ಡೇಟ್ ಇರುವ, ಮಡಚದ, ಆಗಷ್ಟೇ ಕೊಂಡ ಸ್ಟ್ರಿಪ್ಪನ್ನು ಒಡೆದಾಗಲೇ ಮಾತ್ರೆಯಲ್ಲಿ ಚುಕ್ಕೆಯೋ ಪುಡಿಯೋ ಕಂಡರೆ ಕೆಡಿಸಿದ್ದು ನಿಮ್ಮ ಮನೆಯ ತೇವವಲ್ಲ. ತಯಾರಿಕೆಯಲ್ಲೋ ಸಾಗಣೆಯಲ್ಲೋ ಅಂಗಡಿಯಲ್ಲೋ ದೋಷವಾಗಿದೆ. ಅದೇ ಬ್ಯಾಚಿನ ಮಾತ್ರೆ ಇನ್ನೆಷ್ಟೋ ಮನೆ ಸೇರಿರುತ್ತದೆ. ಆ ಸ್ಟ್ರಿಪ್ಪನ್ನು ಒಡೆದ ಮಾತ್ರೆಯ ಸಮೇತ ಒಣ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ, ಬಿಲ್ಲಿನ ಜೊತೆ ಅಂಗಡಿಗೆ ಒಯ್ದು, ಅದೇ ಬ್ಯಾಚಿನ ಬೇರೆ ಸ್ಟ್ರಿಪ್ ಒಡೆಸಿ ನೋಡಿ. ಅಲ್ಲೂ ಹಾಗೇ ಇದ್ದರೆ ಜಿಲ್ಲೆಯ ಔಷಧ ನಿಯಂತ್ರಣಾಧಿಕಾರಿಗಳ ಕಚೇರಿಗೆ ಬರೆದು ಕೊಡಬೇಕು. ಅವರು ಬ್ಯಾಚಿನ ಮಾದರಿ ತೆಗೆದು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಬಲ್ಲರು. ಗುಣಮಟ್ಟದಲ್ಲಿ ಸೋತ ಬ್ಯಾಚುಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಅಂಥ ಮಾತ್ರೆ ನುಂಗಿ ತೊಂದರೆಯಾಗಿದ್ದರೆ 1800-180-3024 ಎಂಬ ಉಚಿತ ಸಂಖ್ಯೆಗೆ ತಿಳಿಸಬಹುದು. 2023ರ ಆಗಸ್ಟ್ 1ರ ನಂತರ ತಯಾರಾದ, ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಇರಬೇಕು. ಅದನ್ನು ಸ್ಕ್ಯಾನ್ ಮಾಡಿದಾಗ ಬರುವ ಬ್ಯಾಚ್ ನಂಬರ್ ಸ್ಟ್ರಿಪ್ಪಿನ ಮೇಲಿನದ್ದಕ್ಕೆ ಹೊಂದದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ಮನೆಯಲ್ಲೇ ಕೆಟ್ಟ ಮಾತ್ರೆಗಳನ್ನು ಎಸೆಯುವುದಕ್ಕೂ ಕ್ರಮವಿದೆ. ಆಂಟಿಬಯಾಟಿಕ್ಕನ್ನು ಬಚ್ಚಲಿಗೋ ಕಕ್ಕಸಿಗೋ ಹಾಕಬಾರದು, ಅದು ಚರಂಡಿಯ ಬ್ಯಾಕ್ಟೀರಿಯಾಗಳಿಗೆ ಔಷಧವನ್ನು ಎದುರಿಸುವ ಪಾಠ ಕಲಿಸುತ್ತದೆ. ಹಾಳೆಯಿಂದ ಬಿಡಿಸಿ, ಬಳಸಿದ ಚಹಾಪುಡಿಯಲ್ಲೋ ಕಾಫಿ ಚರಟದಲ್ಲೋ ಕಲಸಿ, ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ. ಹಾಗೆ ಮಾಡಿದರೆ ಮಗುವೋ ನಾಯಿಯೋ ಹೆಕ್ಕಿ ತಿನ್ನುವುದಿಲ್ಲ, ಯಾರೂ ಎತ್ತಿ ಮತ್ತೆ ಮಾರುವುದಿಲ್ಲ. ಕೆಂಪು, ನೀಲಿ ಸಕ್ಕರೆ ಲೇಪದ ಕಬ್ಬಿಣಾಂಶದ ಮಾತ್ರೆಗಳಲ್ಲಿ ಈ ಎಚ್ಚರ ಎರಡು ಪಟ್ಟು ಬೇಕು: ಮಿಠಾಯಿಯಂತೆ ಕಾಣುವ ಅವನ್ನು ಪುಟ್ಟ ಮಕ್ಕಳು ಹಿಡಿ ತುಂಬ ತಿಂದರೆ ಜೀವಕ್ಕೇ ಕುತ್ತು. ಅವಧಿ ಮೀರಿದ ಔಷಧವನ್ನು ಘನತ್ಯಾಜ್ಯ ನಿಯಮಗಳು ಮನೆಯ ಉಳಿದ ಕಸದಿಂದ ಬೇರೆ ಇಡಲು ಹೇಳುತ್ತವೆ, ಹಾಗಾಗಿ ಕಟ್ಟನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಬೆರೆಸದೆ ಬೇರೆಯಾಗಿ ಕೊಡಿ.

ಹೊಸ ಸ್ಟ್ರಿಪ್ ತರುವಾಗ ಬಿಡಿಯಾಗಿ ನಾಲ್ಕೇ ಮಾತ್ರೆ ಬೇಕಿದ್ದರೆ, ಕತ್ತರಿಸುವವರಿಗೆ "ಡೇಟ್ ಇರುವ ತುದಿ ನನಗೆ ಕೊಡಿ, ಗುಳಿಯಿಂದ ದೂರಕ್ಕೆ ಕತ್ತರಿಸಿ" ಎಂದು ಹೇಳಿ. ಅದು ಸಾಧ್ಯವಾಗದಿದ್ದರೆ ಕತ್ತರಿಸುವ ಮೊದಲೇ ಸ್ಟ್ರಿಪ್ಪಿನ ಹಿಂಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಎರಡು ತಿಂಗಳ ಮೇಲೆ ಮಾತ್ರೆಯ ಬಗ್ಗೆ ಅನುಮಾನ ಬಂದಾಗ ಅಂಗೈ ಮೇಲಿನ ಮಾತ್ರೆಯ ಫೋಟೋಗಿಂತ ಆ ಫೋಟೋ ಹೆಚ್ಚು ಕೆಲಸಕ್ಕೆ ಬರುತ್ತದೆ.